ಯಾವ ಮಿತಿ ಮೊದಲು? ದಂತ ಪರೀಕ್ಷೆಗಳಲ್ಲಿ ಸ್ಥಳೀಯ ಅರಿವಳಿಕೆಯ ಪ್ರಮಾಣ

ದಂತವೈದ್ಯ ವಿದ್ಯಾರ್ಥಿಗಳು ಬರೆಯುವ ಪರೀಕ್ಷೆಗಳಲ್ಲಿ, ಅದು ನಮ್ಮ ದೇಶದ ನೀಟ್ ಎಂಡಿಎಸ್ ಆಗಿರಲಿ, ಇಲ್ಲಿಂದ ಹೊರಟ ಪದವೀಧರರು ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ಎದುರಿಸುವ ನೋಂದಣಿ ಪರೀಕ್ಷೆಯಾಗಿರಲಿ, ಸ್ಥಳೀಯ ಅರಿವಳಿಕೆಯ ಗರಿಷ್ಠ ಸುರಕ್ಷಿತ ಪ್ರಮಾಣವನ್ನು ಕುರಿತ ಒಂದು ಪ್ರಶ್ನೆ ಯಾವುದಾದರೂ ರೂಪದಲ್ಲಿ ಬರುತ್ತದೆ. ಸ್ಥಳೀಯ ಅರಿವಳಿಕೆ ಎಂದರೆ ರೋಗಿಯ ಎಚ್ಚರವನ್ನು ಕೆಡಿಸದೆ, ಚುಚ್ಚಿದ ಜಾಗದ ನರದಲ್ಲಿ ನೋವಿನ ಸಂದೇಶ ಸಾಗದಂತೆ ತಡೆಯುವ ಔಷಧ. ಈ ಪ್ರಶ್ನೆಗಳನ್ನು ಬಹುಮಂದಿ ನೆನಪಿನ ಪರೀಕ್ಷೆಯೆಂದು ಭಾವಿಸಿ ಅಂಕಿಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಆದರೆ ಅಂಕಿಗಳೆಲ್ಲ ಸರಿಯಾಗಿ ನೆನಪಿದ್ದೂ ಉತ್ತರ ತಪ್ಪಾಗುವುದುಂಟು. ಸಿರಿಂಜಿನೊಳಗೆ ಇರುವುದು ಒಂದು ಔಷಧವಲ್ಲ, ಎರಡು. ಎರಡಕ್ಕೂ ಬೇರೆ ಬೇರೆ ಮಿತಿಗಳಿವೆ. ಎದುರಿಗಿರುವ ರೋಗಿಯಲ್ಲಿ ಯಾವ ಮಿತಿ ಮೊದಲು ಮುಟ್ಟುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಇದನ್ನು ಒಂದೇ ಪ್ರಶ್ನೆಯನ್ನು ಬಿಡಿಸುತ್ತ ನೋಡುವುದು ಸೂಕ್ತ. ಅರುವತ್ತು ವರ್ಷದ, 50 ಕಿಲೋ ತೂಕದ ಒಬ್ಬ ರೋಗಿಗೆ ನಡೆದಾಡುವಾಗ ಎದೆನೋವು ಬರುವ ಹೃದ್ರೋಗವಿದೆ, ಮಾತ್ರೆಗಳಿಂದ ಅದು ಹತೋಟಿಯಲ್ಲಿದೆ, ಕೆಳದವಡೆಯ ಎರಡು ಹಲ್ಲುಗಳನ್ನು ಕೀಳಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಬಳಸುತ್ತಿರುವುದು 1:80,000 ಅಡ್ರಿನಾಲಿನ್ ಬೆರೆತ ಶೇ. 2ರ ಲಿಗ್ನೊಕೇನ್. ಒಂದು ಭೇಟಿಯಲ್ಲಿ ಗರಿಷ್ಠ ಎಷ್ಟು ಮಿಲಿಲೀಟರ್ ಕೊಡಬಹುದು? ಆಯ್ಕೆಗಳು ನಾಲ್ಕು: 17.5, 16, 11 ಮತ್ತು 3.2. ಇವುಗಳಲ್ಲಿ ಯಾವುದೂ ಮನಸ್ಸಿಗೆ ಬಂದಂತೆ ಇಟ್ಟ ಅಂಕಿಯಲ್ಲ. ನಾಲ್ಕೂ ಸರಿಯಾದ ಲೆಕ್ಕದ ಫಲಗಳೇ, ಆದರೆ ಮೂರು ಬೇರೆ ಮೂರು ಪ್ರಶ್ನೆಗಳ ಉತ್ತರಗಳು. ಪ್ರತಿಯೊಂದೂ ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ ಈ ವಿಷಯದ ತಿರುಳು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಬಾಟಲಿಯ ಮೇಲಿನ ಬರಹವನ್ನು ಓದಬೇಕು. ಶೇ. 2 ಎಂದರೆ 100 ಮಿಲಿಲೀಟರಿನಲ್ಲಿ 2 ಗ್ರಾಂ, ಅಂದರೆ 2000 ಮಿಲಿಗ್ರಾಂ. ಆದ್ದರಿಂದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಲಿಗ್ನೊಕೇನ್ ಇರುತ್ತದೆ. ಶೇಕಡಾ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದು ಸಿಗುತ್ತದೆ ಎಂಬಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಅಡ್ರಿನಾಲಿನ್ನನ್ನು ಮಾತ್ರ ಶೇಕಡಾದಲ್ಲಿ ಹೇಳದೆ ಅನುಪಾತದಲ್ಲಿ ಹೇಳುವ ರೂಢಿಯಿದೆ. 1:80,000 ಎಂದರೆ 80,000 ಮಿಲಿಲೀಟರಿನಲ್ಲಿ ಒಂದು ಗ್ರಾಂ. ಅದನ್ನು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಮಿಗೆ ಇಳಿಸಿದರೆ ಒಂದು ಮಿಲಿಲೀಟರಿಗೆ 12.5 ಮೈಕ್ರೋಗ್ರಾಂ ಆಗುತ್ತದೆ. ಇದೇ ರೀತಿಯಲ್ಲಿ 1:1,00,000ದಲ್ಲಿ 10, 1:2,00,000ದಲ್ಲಿ 5 ಮೈಕ್ರೋಗ್ರಾಂ. ಅನುಪಾತದ ಎರಡನೆಯ ಅಂಕಿ ದೊಡ್ಡದಾದಷ್ಟೂ ದ್ರಾವಣ ತೆಳುವಾಗುತ್ತದೆ ಎಂಬುದು ಹೇಳುವಾಗ ಸುಲಭವೆನಿಸಿದರೂ, ಅವಸರದಲ್ಲಿ ಅದು ತಲೆಕೆಳಗಾಗಿ ಕಾಣಿಸುವುದು ಬಹಳ ಸಾಮಾನ್ಯ.

17.5 ಎಂಬ ಆಯ್ಕೆ ಲಿಗ್ನೊಕೇನಿನ ಮಿತಿಯಿಂದ ಬಂದದ್ದು. ಅಡ್ರಿನಾಲಿನ್ ಬೆರೆತ ಲಿಗ್ನೊಕೇನಿಗೆ ತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ ಮಿತಿ. 50 ಕಿಲೋಗೆ 350 ಮಿಲಿಗ್ರಾಂ. ಅದನ್ನು 20ರಿಂದ ಭಾಗಿಸಿದರೆ 17.5 ಮಿಲಿಲೀಟರ್. ಈ ಮಿತಿಗೆ ಮೇಲ್ಗಡೆ ಇನ್ನೊಂದು ಬೇಲಿಯಿದೆ: ತೂಕ ಎಷ್ಟೇ ಇದ್ದರೂ ಒಟ್ಟು 500 ಮಿಲಿಗ್ರಾಂ ಮೀರುವಂತಿಲ್ಲ. 90 ಕಿಲೋ ತೂಕದವನಿಗೆ ಗುಣಾಕಾರ 630 ಎಂದು ಹೇಳಿದರೂ ಉತ್ತರ 500 ಮಾತ್ರ. ಬೊಜ್ಜು ಔಷಧವನ್ನು ಸುರಕ್ಷಿತವಾಗಿ ಅರಗಿಸಿಕೊಳ್ಳುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ; ಲಿಗ್ನೊಕೇನನ್ನು ಒಡೆಯುವುದು ಯಕೃತ್ತು, ಮತ್ತು ತೂಕ ಏರಿದಂತೆ ಯಕೃತ್ತಿನ ಸಾಮರ್ಥ್ಯ ಅದೇ ಪ್ರಮಾಣದಲ್ಲಿ ಏರುವುದಿಲ್ಲ.

11 ಎಂಬ ಆಯ್ಕೆ ಇನ್ನೂ ಕುತೂಹಲಕರವಾದದ್ದು. ಅಡ್ರಿನಾಲಿನ್ ಇಲ್ಲದ ಬರಿಯ ಲಿಗ್ನೊಕೇನಿಗೆ ಕಿಲೋಗೆ 4.4 ಮಿಲಿಗ್ರಾಂ, ಒಟ್ಟು 300 ಮಿಲಿಗ್ರಾಂ ಎಂಬ ಮಿತಿ ಪಠ್ಯಗಳಲ್ಲಿದೆ. 50 ಕಿಲೋಗೆ 220 ಮಿಲಿಗ್ರಾಂ, ಅಂದರೆ 11 ಮಿಲಿಲೀಟರ್. ಒಂದೇ ಔಷಧ, ಒಬ್ಬನೇ ರೋಗಿ, ಮಿತಿ ಮಾತ್ರ ಎರಡು ಏಕೆ ಎಂಬುದರಲ್ಲಿ ಅಡ್ರಿನಾಲಿನ್ನಿನ ಪಾತ್ರವೆಲ್ಲ ಅಡಗಿದೆ. ಸ್ವೀಡನ್ನಿನಲ್ಲಿ 1943ರಲ್ಲಿ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ಅವರ ಕೈಯಲ್ಲಿ ರೂಪುಗೊಂಡ ಲಿಗ್ನೊಕೇನಿಗೆ ತಾನು ಹೊಕ್ಕ ಜಾಗದ ರಕ್ತನಾಳಗಳನ್ನು ಹಿಗ್ಗಿಸುವ ಗುಣವಿದೆ. ನಾಳ ಹಿಗ್ಗಿದರೆ ರಕ್ತ ಹೆಚ್ಚು ಹರಿಯುತ್ತದೆ, ಆ ರಕ್ತವೇ ಔಷಧವನ್ನು ನರದ ಬಳಿಯಿಂದ ಎತ್ತಿಕೊಂಡು ಹೋಗುತ್ತದೆ. ಹೀಗೆ ಬರಿಯ ಲಿಗ್ನೊಕೇನ್ ಎರಡು ಕಡೆಯಿಂದ ನಷ್ಟ ಮಾಡುತ್ತದೆ: ಹಲ್ಲಿನ ತಿರುಳು ಐದು ಹತ್ತು ನಿಮಿಷದಲ್ಲೇ ಮತ್ತೆ ನೋವಿಗೆ ಎಚ್ಚರಗೊಳ್ಳುತ್ತದೆ, ಅಷ್ಟರಲ್ಲಿ ರಕ್ತದಲ್ಲಿ ಔಷಧದ ಮಟ್ಟ ಬೇಗ ಏರಿರುತ್ತದೆ. ಅಡ್ರಿನಾಲಿನ್ ಬೆರೆಸಿದರೆ ನಾಳಗಳ ಗೋಡೆಯ ಆಲ್ಫಾ ಗ್ರಾಹಕಗಳು, ಅಂದರೆ ಅಡ್ರಿನಾಲಿನ್ ಅಂಟಿದಾಗ ನಾಳವನ್ನು ಬಿಗಿಗೊಳಿಸುವ ತಾಣಗಳು, ಕೆಲಸಕ್ಕಿಳಿದು ನಾಳ ಕುಗ್ಗುತ್ತದೆ. ಆಗ ಔಷಧ ಜಾಗದಲ್ಲೇ ನಿಲ್ಲುತ್ತದೆ, ತಿರುಳಿನ ಅರಿವಳಿಕೆ ಸುಮಾರು ಒಂದು ಗಂಟೆ ಉಳಿಯುತ್ತದೆ, ಹಲ್ಲು ಕಿತ್ತ ಗುಳಿಯಲ್ಲಿ ರಕ್ತಸ್ರಾವ ತಗ್ಗುತ್ತದೆ, ಮತ್ತು ರಕ್ತಕ್ಕೆ ಔಷಧ ಒಮ್ಮೆಗೇ ನುಗ್ಗದೆ ನಿಧಾನವಾಗಿ ಸೇರುತ್ತದೆ. 4.4 ಎಂಬ ಮಿತಿ 7ಕ್ಕೆ ಏರಿದ್ದು ಈ ಕೊನೆಯ ಕಾರಣದಿಂದ. ಜರ್ಮನಿಯ ಹೈನ್ರಿಕ್ ಬ್ರೌನ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೊಕೇನಿಗೆ ಅಡ್ರಿನಾಲಿನ್ ಬೆರೆಸಿದಾಗ ಆತನ ಮನಸ್ಸಿನಲ್ಲಿದ್ದುದೂ ಇದೇ. ಕೈಕಾಲಿಗೆ ಪಟ್ಟಿ ಬಿಗಿದು ರಕ್ತ ತಡೆಯುವ ಕೆಲಸವನ್ನು ಔಷಧದಿಂದಲೇ ಮಾಡಿಸುವುದು.

ಇಲ್ಲಿ ಪುಸ್ತಕಗಳ ಒಂದು ಭಿನ್ನಮತವನ್ನು ಮರೆಮಾಚುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯವಾಗುತ್ತದೆ. ದಂತ ಅರಿವಳಿಕೆಯ ಪಠ್ಯಕ್ಕಾಗಿ ಹೆಸರಾದ ಸ್ಟ್ಯಾನ್ಲಿ ಮಾಲಮೆಡ್ ಅವರ ಕೈಪಿಡಿಯ ಹಳೆಯ ಆವೃತ್ತಿಗಳು ಅಡ್ರಿನಾಲಿನ್ ಇದ್ದರೂ ಇಲ್ಲದಿದ್ದರೂ 4.4 ಮಿಲಿಗ್ರಾಂ ಮತ್ತು 300ರ ಗಡಿಯನ್ನೇ ಹೇಳುತ್ತಿದ್ದವು. ನಂತರದ ಆವೃತ್ತಿಗಳು 7 ಮತ್ತು 500ಕ್ಕೆ ಬಂದವು. ಬ್ರಿಟಿಷ್ ಮೂಲದ ಬರಹಗಳಲ್ಲಿ ಬರಿಯ ಲಿಗ್ನೊಕೇನಿಗೆ 200 ಮಿಲಿಗ್ರಾಮಿನ ಗಡಿ ಕಾಣುತ್ತದೆ. ಇದು ಬರಿಯ ಅಂಕಿಗಳ ಜಗಳವಲ್ಲ, ಯಾವ ಮಿತಿ ಆಳುತ್ತದೆ ಎಂಬುದನ್ನೇ ಇದು ಬದಲಿಸುತ್ತದೆ. ಅದನ್ನು ತೋರಿಸಲು 16 ಎಂಬ ಆಯ್ಕೆಗೆ ಬರಬೇಕು.

16 ಎಂಬುದು ಅಡ್ರಿನಾಲಿನ್ನಿನ ಮಿತಿ. ಆರೋಗ್ಯವಂತ ವಯಸ್ಕನಿಗೆ ಒಂದು ಭೇಟಿಯಲ್ಲಿ 0.2 ಮಿಲಿಗ್ರಾಂ, ಅಂದರೆ 200 ಮೈಕ್ರೋಗ್ರಾಂ, ಅದನ್ನು 12.5ರಿಂದ ಭಾಗಿಸಿದರೆ 16 ಮಿಲಿಲೀಟರ್. ಇದು ತೂಕಕ್ಕೆ ಕಟ್ಟುಬಿದ್ದ ಮಿತಿಯಲ್ಲ ಎಂಬುದನ್ನು ಗಮನಿಸಬೇಕು. ಈಗ 7 ಮಿಲಿಗ್ರಾಮಿನ ಲೆಕ್ಕ ಹಿಡಿದರೆ, ಸುಮಾರು 46 ಕಿಲೋ ದಾಟಿದ ಆರೋಗ್ಯವಂತ ವಯಸ್ಕರೆಲ್ಲರಲ್ಲೂ 1:80,000 ದ್ರಾವಣದಲ್ಲಿ ಅಡ್ರಿನಾಲಿನ್ನಿನ ಮಿತಿಯೇ ಮೊದಲು ಮುಟ್ಟುತ್ತದೆ. ಲಿಗ್ನೊಕೇನಿಗೆ ಇನ್ನೂ ಅವಕಾಶವಿದ್ದರೂ ಸಿರಿಂಜನ್ನು ಕೆಳಗಿಡಬೇಕಾಗುತ್ತದೆ. ಅದೇ 4.4 ಮತ್ತು 300ರ ಹಳೆಯ ಲೆಕ್ಕ ಹಿಡಿದರೆ ಲಿಗ್ನೊಕೇನ್ 15 ಮಿಲಿಲೀಟರಿಗೇ ನಿಂತುಬಿಡುತ್ತದೆ, ಅಡ್ರಿನಾಲಿನ್ನಿನ ಮಿತಿ ಆರೋಗ್ಯವಂತನಲ್ಲಿ ಎಂದೂ ಎದುರಾಗುವುದೇ ಇಲ್ಲ. 1:2,00,000 ದ್ರಾವಣವಾದರೆ ಯಾವ ಪುಸ್ತಕ ಹಿಡಿದರೂ ಅಷ್ಟೇ, ಏಕೆಂದರೆ 200 ಮೈಕ್ರೋಗ್ರಾಂ ಮುಟ್ಟಲು 40 ಮಿಲಿಲೀಟರ್ ಬೇಕು. ಆದ್ದರಿಂದ ಪ್ರಶ್ನೆಯಲ್ಲಿ ಅನುಪಾತವನ್ನು ಕೊಟ್ಟಿದ್ದರೆ ಅದನ್ನು ಅಲಂಕಾರಕ್ಕೆ ಕೊಟ್ಟಿರುವುದಿಲ್ಲ.

ಉಳಿದದ್ದು 3.2, ಮತ್ತು ಈ ರೋಗಿಗೆ ಸರಿಯುತ್ತರ ಅದೇ. ಹೃದ್ರೋಗವಿರುವವರಿಗೆ ಅಡ್ರಿನಾಲಿನ್ನಿನ ಮಿತಿ 0.04 ಮಿಲಿಗ್ರಾಂ, ಅಂದರೆ 40 ಮೈಕ್ರೋಗ್ರಾಂ, 12.5ರಿಂದ ಭಾಗಿಸಿದರೆ 3.2 ಮಿಲಿಲೀಟರ್. ಅದರಲ್ಲಿರುವ ಲಿಗ್ನೊಕೇನ್ 64 ಮಿಲಿಗ್ರಾಂ, ಅವನ ಲಿಗ್ನೊಕೇನ್ ಮಿತಿಯ ಐದನೇ ಒಂದು ಭಾಗವೂ ಅಲ್ಲ. ಅಂದರೆ ಈ ರೋಗಿಯ ಮಟ್ಟಿಗೆ ತೂಕ ಕೇಳಿ ಗುಣಾಕಾರ ಮಾಡಿದ್ದೆಲ್ಲ ಅನಗತ್ಯ ಶ್ರಮ. ತೂಕವನ್ನು ಪ್ರಶ್ನೆಯಲ್ಲಿ ಇಟ್ಟದ್ದೇ ವಿದ್ಯಾರ್ಥಿಯ ಕಣ್ಣು ಅತ್ತ ಹೋಗಲೆಂದು.

ಉತ್ತರ ಸಿಕ್ಕಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ನ್ಯಾಯವಾದದ್ದು ಕೂಡ. ಹೃದಯಕ್ಕೆ ಅಡ್ರಿನಾಲಿನ್ ಅಪಾಯವಾದರೆ ಅದನ್ನು ಪೂರ್ತಿ ಬಿಟ್ಟು ಬರಿಯ ಲಿಗ್ನೊಕೇನನ್ನೇ ಕೊಡಬಾರದೇಕೆ? ಇಲ್ಲಿ ನೋವೆಂಬುದೇ ಒಂದು ಔಷಧದಂತೆ ವರ್ತಿಸುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳು ವಿಶ್ರಾಂತಿಯಲ್ಲಿರುವ ದೇಹದಲ್ಲೂ ನಿಮಿಷಕ್ಕೆ ಕೆಲವು ಮೈಕ್ರೋಗ್ರಾಂ ಅಡ್ರಿನಾಲಿನ್ ಸುರಿಸುತ್ತಿರುತ್ತವೆ. ಭಯ ಮತ್ತು ತೀವ್ರ ನೋವಿನಲ್ಲಿ ಅದು ಹಲವು ಪಟ್ಟು ಏರುತ್ತದೆ. ಅರ್ಧ ಕಿತ್ತ ಹಲ್ಲಿನ ಜೊತೆ ಅರಿವಳಿಕೆ ಇಳಿದುಹೋದರೆ, ಸಿರಿಂಜಿನಲ್ಲಿ ಉಳಿಸಿದ ಅಡ್ರಿನಾಲಿನ್ನಿಗಿಂತ ಹೆಚ್ಚನ್ನು ರೋಗಿಯ ದೇಹವೇ ಅವನ ಹೃದಯಕ್ಕೆ ಕೊಟ್ಟಿರುತ್ತದೆ. ಆದುದರಿಂದ ಹತೋಟಿಯಲ್ಲಿರುವ ಹೃದ್ರೋಗಿಗೆ ಅಡ್ರಿನಾಲಿನ್ ನಿಷಿದ್ಧವೆಂಬ ಆಯ್ಕೆ ತಪ್ಪು, ಮಿತವಾಗಿ ಕೊಡಬಹುದೆಂಬ ಆಯ್ಕೆ ಸರಿ. ವಿಶ್ರಾಂತಿಯಲ್ಲೂ ಎದೆನೋವು ಬರುವ ಅಸ್ಥಿರ ಸ್ಥಿತಿಯಲ್ಲಿ ಅಥವಾ ಹೃದಯಾಘಾತವಾಗಿ ಹೆಚ್ಚು ಕಾಲವಾಗದಿದ್ದಾಗ ಮಾತ್ರ ಮಾತು ಬೇರೆ. ಆಗ ಮುಂದೂಡಬೇಕಾದದ್ದು ತುರ್ತಿಲ್ಲದ ಹಲ್ಲಿನ ಕೆಲಸವನ್ನೇ.

3.2 ಮಿಲಿಲೀಟರಿನಲ್ಲಿ ಆ ಎರಡು ಹಲ್ಲುಗಳ ಕೆಲಸ ಮುಗಿಯುತ್ತದೆಯೆ? ಎರಡೂ ಒಂದೇ ಬದಿಯಲ್ಲಿದ್ದರೆ ಮುಗಿಯುತ್ತದೆ. ಕೆಳದವಡೆಯ ಮುಖ್ಯ ನರ ಮೂಳೆಯೊಳಗೆ ಹೊಗುವ ಮುನ್ನವೇ ಅದನ್ನು ತಡೆಯುವ ಚುಚ್ಚುಮದ್ದಿಗೆ, ಜೊತೆಗೆ ನಾಲಿಗೆಯ ನರ ಮತ್ತು ಕೆನ್ನೆಯ ಬದಿಯ ಒಸಡಿಗೆ ಸೇರಿ, ಸುಮಾರು 2 ಮಿಲಿಲೀಟರ್ ಸಾಕು. ಅದರಲ್ಲಿ ಅಡ್ರಿನಾಲಿನ್ 25 ಮೈಕ್ರೋಗ್ರಾಂ. ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ಇದ್ದರೆ 4 ಮಿಲಿಲೀಟರ್ ಬೇಕಾಗಿ ಮಿತಿ ದಾಟುತ್ತದೆ. ಆಗ ಎರಡು ಭೇಟಿಗಳಾಗಿ ಒಡೆಯಬೇಕು, ಇಲ್ಲವೇ 1:2,00,000 ದ್ರಾವಣಕ್ಕೆ ಹೋಗಬೇಕು. ಅದರಲ್ಲಿ ಅದೇ 40 ಮೈಕ್ರೋಗ್ರಾಮಿಗೆ 8 ಮಿಲಿಲೀಟರ್ ಸಿಗುತ್ತದೆ. ತೆಳುವಾದ ದ್ರಾವಣದಲ್ಲಿ ಅರಿವಳಿಕೆಯ ಅವಧಿ ಹೆಚ್ಚು ಕುಂದುವುದಿಲ್ಲ, ರಕ್ತಸ್ರಾವ ತಡೆಯುವ ಶಕ್ತಿ ಮಾತ್ರ ಕಡಿಮೆ. ಹೃದ್ರೋಗಿಗೆ ಅದೇ ಒಳ್ಳೆಯ ಆಯ್ಕೆ ಎಂಬುದು ಈ ಲೆಕ್ಕದಿಂದಲೇ ಹೊರಡುವ ಅಭಿಪ್ರಾಯ.

ಪ್ರಶ್ನೆ ಕೇಳುವವರು ಇದೇ ರೋಗಿಯ ಮಾತ್ರೆಗಳ ಪಟ್ಟಿಗೆ ಪ್ರೊಪ್ರನಲಾಲ್ ಎಂಬ ಹೆಸರನ್ನು ಸೇರಿಸಿದರೆ ಚಿತ್ರ ಇನ್ನಷ್ಟು ಬದಲಾಗುತ್ತದೆ. ಅಡ್ರಿನಾಲಿನ್ ಒಂದೆಡೆ ಆಲ್ಫಾ ಗ್ರಾಹಕಗಳ ಮೂಲಕ ನಾಳಗಳನ್ನು ಕುಗ್ಗಿಸಿದರೆ, ಇನ್ನೊಂದೆಡೆ ಬೀಟಾ-2 ಎಂಬ ಗ್ರಾಹಕಗಳ ಮೂಲಕ ಸ್ನಾಯುಗಳ ನಾಳಗಳನ್ನು ಹಿಗ್ಗಿಸುತ್ತದೆ. ಎರಡೂ ತೂಗಿಕೊಂಡು ರಕ್ತದೊತ್ತಡ ಸಮತೋಲದಲ್ಲಿ ನಿಲ್ಲುತ್ತದೆ. ಪ್ರೊಪ್ರನಲಾಲ್ ಎಲ್ಲ ಬೀಟಾ ಗ್ರಾಹಕಗಳನ್ನೂ ಮುಚ್ಚಿಬಿಡುವುದರಿಂದ ಹಿಗ್ಗಿಸುವ ಕೈ ಕಟ್ಟಿಹೋಗಿ ಕುಗ್ಗಿಸುವ ಕೈ ಒಂದೇ ಉಳಿಯುತ್ತದೆ. ರಕ್ತದೊತ್ತಡ ಏರುತ್ತದೆ, ಅದಕ್ಕೆ ಪ್ರತಿಯಾಗಿ ಹೃದಯದ ಬಡಿತ ಇಳಿಯುತ್ತದೆ. ಹೃದಯದ ಬೀಟಾ-1 ಗ್ರಾಹಕವನ್ನೇ ಮುಖ್ಯವಾಗಿ ಮುಚ್ಚುವ ಅಟೆನಲಾಲ್, ಮೆಟೊಪ್ರೊಲಾಲ್ ಮಾತ್ರೆಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಆದ್ದರಿಂದ ‘ಬೀಟಾ ತಡೆಯುವ ಮಾತ್ರೆ’ ಎಂದಷ್ಟೇ ಓದಿ ಉತ್ತರ ಗುರುತಿಸುವುದು ಸಾಲದು, ಹೆಸರನ್ನು ಓದಬೇಕು.

ಮಗುವಿನ ಪ್ರಶ್ನೆಯಲ್ಲಿ ತಕ್ಕಡಿ ಇನ್ನೊಂದು ಬದಿಗೆ ವಾಲುತ್ತದೆ. 15 ಕಿಲೋ ತೂಕದ ಮಗುವಿನಲ್ಲಿ ಅಡ್ರಿನಾಲಿನ್ ಬಹುಮಟ್ಟಿಗೆ ಸಮಸ್ಯೆಯೇ ಅಲ್ಲ. ಲಿಗ್ನೊಕೇನಿನ ಮಿತಿಯೇ ಬೇಗ ಬಂದುಬಿಡುತ್ತದೆ. ಮಕ್ಕಳ ದಂತಚಿಕಿತ್ಸೆಯಲ್ಲಿ ಅಡ್ರಿನಾಲಿನ್ ಇದ್ದರೂ ಕಿಲೋಗೆ 4.4 ಮಿಲಿಗ್ರಾಂ ಎಂಬ ಬಿಗಿಯಾದ ಲೆಕ್ಕವನ್ನೇ ಹಿಡಿಯುವುದು ವಿವೇಕದ ರೂಢಿ: 15 ಕಿಲೋಗೆ 66 ಮಿಲಿಗ್ರಾಂ, ಅಂದರೆ 3.3 ಮಿಲಿಲೀಟರ್. ವಯಸ್ಕರಿಗೆ ಕೊಡುವಂತೆ ಎರಡೂ ಬದಿಗೆ ಎರಡೆರಡು ಮಿಲಿಲೀಟರ್ ಕೊಟ್ಟರೆ 80 ಮಿಲಿಗ್ರಾಂ ಆಗಿ ಮಿತಿ ದಾಟಿರುತ್ತದೆ, ಚುಚ್ಚುವವರ ಕೈಗೆ ಅದು ಅತಿ ಎನಿಸಿರುವುದೇ ಇಲ್ಲ. ಸೂಜಿಯ ನೋವು ತಿಳಿಯದಿರಲೆಂದು ಒಸಡಿಗೆ ಮೊದಲು ಸಿಂಪಡಿಸುವ ಶೇ. 10ರ ಲಿಗ್ನೊಕೇನ್ ಸ್ಪ್ರೇಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಅದರ ಒಂದು ಒತ್ತಿಗೆ 10 ಮಿಲಿಗ್ರಾಂ; ಎರಡು ಒತ್ತಿಗೆ 20 ಹೋದರೆ ಸಿರಿಂಜಿಗೆ ಉಳಿಯುವುದು 46 ಮಿಲಿಗ್ರಾಂ, ಅಂದರೆ 2.3 ಮಿಲಿಲೀಟರ್. ಸಿಂಪಡಿಸಿದ್ದೆಲ್ಲ ರಕ್ತ ಸೇರುವುದಿಲ್ಲವಾದರೂ ಮಗುವಿನ ವಿಷಯದಲ್ಲಿ ಸೇರಿತೆಂದೇ ಎಣಿಸುವುದು ಕ್ಷೇಮ. ಮರಗಟ್ಟಿದ ತುಟಿಯನ್ನು ಮಗು ಕಚ್ಚಿಕೊಂಡೀತೆಂಬ ಭಯದಿಂದ ಅಡ್ರಿನಾಲಿನ್ ಇಲ್ಲದ ದ್ರಾವಣವನ್ನು ಆರಿಸುವ ಉತ್ತರವೂ ಪರೀಕ್ಷೆಗಳಲ್ಲಿ ಎದುರಾಗುತ್ತದೆ. ಬರಿಯ ಔಷಧ ರಕ್ತಕ್ಕೆ ಬೇಗ ಸೇರುತ್ತದೆ, ಅರಿವಳಿಕೆ ಬೇಗ ಇಳಿಯುವುದರಿಂದ ಮತ್ತೆ ಚುಚ್ಚಬೇಕಾಗುತ್ತದೆ. ಮಿತಿ ಚಿಕ್ಕದಾದ ದೇಹದಲ್ಲಿ ಈ ಎರಡೂ ಅಪಾಯವೇ. ತುಟಿ ಕಚ್ಚದಂತೆ ಕೆಲವು ಗಂಟೆ ನೋಡಿಕೊಳ್ಳಿರೆಂದು ತಾಯಿಗೆ ಹೇಳಿ ಕಳಿಸುವುದು ಅದಕ್ಕಿಂತ ಮೇಲು.

ಮಿತಿ ದಾಟುವುದು ಸಾಮಾನ್ಯವಾಗಿ ಮೊದಲ ಚುಚ್ಚಿನಲ್ಲಲ್ಲ, ಮೂರನೆಯದರಲ್ಲೋ ನಾಲ್ಕನೆಯದರಲ್ಲೋ. ಕೀವು ತುಂಬಿದ ಹಲ್ಲಿನ ಸುತ್ತಲ ಅಂಗಾಂಶ ಆಮ್ಲೀಯವಾಗಿರುತ್ತದೆ. ಲಿಗ್ನೊಕೇನ್ ನರದ ಪೊರೆಯನ್ನು ದಾಟಬೇಕಾದರೆ ವಿದ್ಯುದಂಶವಿಲ್ಲದ ರೂಪದಲ್ಲಿರಬೇಕು. ಆರೋಗ್ಯವಾದ ಅಂಗಾಂಶದಲ್ಲಿ ಅದರ ಸುಮಾರು ಕಾಲು ಭಾಗ ಆ ರೂಪದಲ್ಲಿರುತ್ತದೆ, ಆಮ್ಲೀಯತೆ ಹೆಚ್ಚಿದಂತೆ ಆ ಪಾಲು ಬಹಳವಾಗಿ ಇಳಿಯುತ್ತದೆ. ಅಲ್ಲೇ ಮತ್ತೆ ಮತ್ತೆ ಚುಚ್ಚಿದರೆ ನೋವು ಹೋಗುವುದಿಲ್ಲ, ಒಟ್ಟು ಪ್ರಮಾಣ ಮಾತ್ರ ಬೆಳೆಯುತ್ತದೆ. ಕೀವಿನಿಂದ ದೂರದಲ್ಲಿ, ನರದ ಮೇಲುಭಾಗದಲ್ಲಿ ತಡೆ ಕೊಡುವುದು ಅಥವಾ ಮೊದಲು ಕೀವು ಹೊರಗೆ ಹರಿಸುವುದು ಅಲ್ಲಿಯ ಸರಿಯಾದ ದಾರಿ.

ಅತಿಯಾದದ್ದು ಲಿಗ್ನೊಕೇನೋ ಅಡ್ರಿನಾಲಿನ್ನೋ ಎಂಬುದನ್ನು ಲಕ್ಷಣಗಳಿಂದ ಬೇರ್ಪಡಿಸುವ ಪ್ರಶ್ನೆಗಳಿಗೂ ಈ ಎರಡು ಮಿತಿಗಳ ತಿಳಿವೇ ಆಧಾರ. ಎದೆ ಡವಡವ ಬಡಿದುಕೊಳ್ಳುವುದು, ಕೈ ನಡುಕ, ತಲೆನೋವು, ಕಾರಣವಿಲ್ಲದ ಗಾಬರಿ ಚುಚ್ಚಿದ ಕೂಡಲೇ ಬಂದು ಕೆಲವೇ ನಿಮಿಷದಲ್ಲಿ ತಗ್ಗಿದರೆ ಅದು ಅಡ್ರಿನಾಲಿನ್. ಬಾಯಿಯ ಸುತ್ತ ಜೋಮು, ನಾಲಿಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ, ತೊದಲು ಮಾತು, ನಂತರ ಸೆಳವು, ಆ ಮೇಲೆ ಮಂಪರು ಮತ್ತು ಉಸಿರಿನ ಕುಸಿತ ಎಂಬ ಕ್ರಮ ಕಂಡರೆ ಅದು ಲಿಗ್ನೊಕೇನ್. ಪ್ರಮಾಣ ಅತಿಯಾಗಿದ್ದರೆ ಇದು ನಿಧಾನವಾಗಿ, ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಬೆಳೆಯುತ್ತದೆ. ಸೂಜಿ ರಕ್ತನಾಳದೊಳಗೆ ಹೊಕ್ಕಿದ್ದರೆ ಮಿತಿಯೊಳಗಿನ ಪ್ರಮಾಣಕ್ಕೂ ಕ್ಷಣಾರ್ಧದಲ್ಲಿ ಬರುತ್ತದೆ. ಔಷಧ ತಳ್ಳುವ ಮುನ್ನ ಪಿಸ್ಟನ್ನನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುವುದು ಇದಕ್ಕಾಗಿ. ಮುಖ ಬಿಳಿಚಿ, ಮೈ ಬೆವರಿ, ನಾಡಿ ನಿಧಾನವಾದರೆ ಎರಡೂ ಅಲ್ಲ, ಅದು ಹೆದರಿಕೆಯ ಮೂರ್ಛೆ. ರೋಗಿಯನ್ನು ಅಂಗಾತ ಮಲಗಿಸಿ ಕಾಲೆತ್ತಿದರೆ ಚೇತರಿಸಿಕೊಳ್ಳುತ್ತಾನೆ.

ಪರೀಕ್ಷೆಯ ಅಳತೆ ಮತ್ತು ಇಲ್ಲಿಯ ಕುರ್ಚಿಯ ಪಕ್ಕದ ಅಳತೆ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ವಿದೇಶಿ ಪ್ರಶ್ನೆಗಳು ಗಾಜಿನ ಸಣ್ಣ ಕೊಳವೆಯಾದ ಕಾರ್ಟ್ರಿಜಿನಲ್ಲಿ ಎಣಿಸುತ್ತವೆ. ಅಮೆರಿಕದ ಲೆಕ್ಕದಲ್ಲಿ ಅದು 1.8 ಮಿಲಿಲೀಟರ್, ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ 2.2. ಮೊದಲಿನದರಲ್ಲಿ 36, ಎರಡನೆಯದರಲ್ಲಿ 44 ಮಿಲಿಗ್ರಾಂ ಲಿಗ್ನೊಕೇನ್ ಇರುವುದರಿಂದ, ಆ 15 ಕಿಲೋ ಮಗುವಿಗೆ ಒಂದು ಕಡೆ ಎರಡಕ್ಕೆ ಸ್ವಲ್ಪ ಕಡಿಮೆ, ಇನ್ನೊಂದು ಕಡೆ ಸರಿಯಾಗಿ ಒಂದೂವರೆ ಕಾರ್ಟ್ರಿಜ್ ಆಗುತ್ತದೆ. ಕರ್ನಾಟಕದ ಕಾಲೇಜು ಮತ್ತು ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು 30 ಮಿಲಿಲೀಟರಿನ ಬಾಟಲಿ ಮತ್ತು 2 ಮಿಲಿಲೀಟರಿನ ಸಿರಿಂಜು. ಖಾಲಿಯಾದ ಕಾರ್ಟ್ರಿಜುಗಳನ್ನು ಟ್ರೇಯಲ್ಲಿ ಎಣಿಸಬಹುದು. ಬಾಟಲಿಯಿಂದ ಎಷ್ಟು ಸಲ ಎಳೆದದ್ದೆಂದು ಬಾಟಲಿ ಹೇಳುವುದಿಲ್ಲ. ಆ ಒಂದು ಬಾಟಲಿಯಲ್ಲಿ ಇರುವುದು 600 ಮಿಲಿಗ್ರಾಂ ಲಿಗ್ನೊಕೇನ್, ಯಾವ ವಯಸ್ಕನ ಮಿತಿಗಿಂತಲೂ ಹೆಚ್ಚು. 1:80,000 ಆಗಿದ್ದರೆ ಜೊತೆಗೆ 375 ಮೈಕ್ರೋಗ್ರಾಂ ಅಡ್ರಿನಾಲಿನ್. ಪ್ರತಿ ಸಲ ಸಿರಿಂಜು ತುಂಬಿದಾಗಲೂ ಕೇಸ್ ಶೀಟಿನಲ್ಲಿ ‘ಎಲ್ಎ ಕೊಡಲಾಯಿತು’ ಎಂದಷ್ಟೇ ಬರೆಯದೆ, 2 ಮಿಲಿಲೀಟರ್, 40 ಮಿಲಿಗ್ರಾಂ, 25 ಮೈಕ್ರೋಗ್ರಾಂ ಎಂದು ಗಂಟೆಯ ಸಮೇತ ಬರೆದಿಟ್ಟಾಗ, ಮೂರನೆಯ ಸಿರಿಂಜಿಗೆ ಕೈ ಹಾಕುವ ಮುನ್ನ ಆ ಸಾಲುಗಳನ್ನು ಕೂಡಿ ನೋಡಲು ಸಾಧ್ಯವಾಗುತ್ತದೆ.